ಥಿಯರಿಗೆ ಒಂದು ಲೆಕ್ಕ, ಲ್ಯಾಬಿಗೆ ಒಂದು ಲೆಕ್ಕ: ಹಾಜರಾತಿಯನ್ನು ತಾಸಿನಲ್ಲಿ ಹಿಡಿಯುವ ಕ್ರಮ

ಸೆಮಿಸ್ಟರ್ ಮುಗಿಯಲು ಇಪ್ಪತ್ತು ದಿನ ಇದೆ ಎನ್ನುವಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆಯ ಸಹೋದ್ಯೋಗಿಗಳಿಂದ ನನಗೆ ಬರುವ ಪ್ರಶ್ನೆ ಒಂದೇ: "ಸರ್, ಲ್ಯಾಬಿಗೆ ಅರ್ಧ ತಾಸು ತಡವಾಗಿ ಬಂದವನಿಗೆ ಅರ್ಧ ಹಾಜರಿ ಕೊಡಬೇಕೋ, ಪೂರ್ತಿ ಕೊಡಬೇಕೋ?" ಎರಡೂ ಅಲ್ಲ. ನಾಲ್ಕು ತಾಸಿನ ಲ್ಯಾಬಿನಲ್ಲಿ ಅರ್ಧ ತಾಸು ತಪ್ಪಿಸಿಕೊಂಡವನಿಗೆ ಮೂರೂವರೆ ತಾಸು ಕೊಡಬೇಕು. ಉತ್ತರ ಇಷ್ಟೇ. ಆದರೆ ಹೀಗೆ ಕೊಡಬೇಕೆಂದರೆ ನಿಮ್ಮ ಹಾಜರಿ ಪುಸ್ತಕ ತಾಸಿನ ಲೆಕ್ಕದಲ್ಲಿರಬೇಕು. ಬಹುಪಾಲು ಪುಸ್ತಕಗಳು "ಕ್ಲಾಸಿ"ನ ಲೆಕ್ಕದಲ್ಲಿರುತ್ತವೆ, ತೊಂದರೆ ಶುರುವಾಗುವುದು ಅಲ್ಲಿಂದಲೇ.

ನಾನು ಬಾಗಲಕೋಟೆಯಲ್ಲಿ ಬಿ.ಫಾರ್ಮ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವನು, ಹಾಗಾಗಿ ಉದಾಹರಣೆಯನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ಫಾರ್ಮಸಿ ಕೌನ್ಸಿಲ್‌ನ ಬಿ.ಫಾರ್ಮ್ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 80 ಹಾಜರಾತಿ ಬೇಕು, ಅದೂ ಥಿಯರಿ ಮತ್ತು ಪ್ರಾಕ್ಟಿಕಲ್‌ಗಳನ್ನು ಬೇರೆ ಬೇರೆಯಾಗಿ ಎಣಿಸಿ. ಎಂಬಿಬಿಎಸ್‌ನವರಿಗೆ ಥಿಯರಿಯಲ್ಲಿ ಶೇ. 75, ಪ್ರಾಕ್ಟಿಕಲ್‌ನಲ್ಲಿ ಶೇ. 80. ನಿಮ್ಮ ಕೋರ್ಸಿನ ಅಂಕಿ ಯಾವುದಿದ್ದರೂ ಕೆಳಗಿನ ಕ್ರಮ ಬದಲಾಗುವುದಿಲ್ಲ, ಸೂತ್ರದಲ್ಲಿ 80 ಇರುವ ಕಡೆ ನಿಮ್ಮದನ್ನು ಹಾಕಿಕೊಳ್ಳಿ.

ಬೇಕಾಗುವುದು: ಸೆಮಿಸ್ಟರ್‌ನ ವೇಳಾಪಟ್ಟಿ, ಬ್ಯಾಚುಗಳ ಪಟ್ಟಿ, ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟ್, ತಡವಾಗಿ ಬಂದವರ ಬಗ್ಗೆ ಪ್ರಾಂಶುಪಾಲರ ಸಹಿಯಿರುವ ಒಂದು ಪುಟದ ನಿರ್ಣಯ. ಈ ಕೊನೆಯದನ್ನು ಯಾರೂ ಮಾಡಿಸಿಟ್ಟುಕೊಳ್ಳುವುದಿಲ್ಲ. ಜಗಳವಾದಾಗ ಮೊದಲು ಕೇಳುವುದು ಅದನ್ನೇ.

1. ತಡವೆಂದರೆ ಎಷ್ಟು ಎಂಬುದನ್ನು ಮೊದಲ ದಿನವೇ ಬರೆದಿಡಿ

ನಾವು ಪಾಲಿಸುವ ನಿರ್ಣಯ ಹೀಗಿದೆ. ಒಂದು ತಾಸಿನ ಥಿಯರಿಗೆ ಹತ್ತು ನಿಮಿಷದವರೆಗೆ ರಿಯಾಯಿತಿ, ಪೂರ್ತಿ ತಾಸು ಸಿಗುತ್ತದೆ. ಹತ್ತರಿಂದ ಮೂವತ್ತು ನಿಮಿಷ ತಡವಾದರೆ ಅರ್ಧ ತಾಸು. ಅದಕ್ಕಿಂತ ಹೆಚ್ಚಾದರೆ ಒಳಗೆ ಕುಳಿತು ಪಾಠ ಕೇಳಬಹುದು, ಹಾಜರಿ ಸೊನ್ನೆ. ನಾಲ್ಕು ತಾಸಿನ ಲ್ಯಾಬಿಗೂ ಹತ್ತು ನಿಮಿಷದ ರಿಯಾಯಿತಿ ಇದೆ. ಅದು ದಾಟಿದರೆ ಮೂವತ್ತು ನಿಮಿಷದವರೆಗೆ ಅರ್ಧ ತಾಸು ಕಡಿತ, ಅರವತ್ತರವರೆಗೆ ಒಂದು ತಾಸು ಕಡಿತ. ಅರವತ್ತು ದಾಟಿದವರಿಗೆ ಆ ದಿನದ ಲ್ಯಾಬ್ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಪ್ರಯೋಗದ ವಿಧಾನ ತೋರಿಸಿ ಮುಗಿದಿರುತ್ತದೆ, ಮತ್ತೊಮ್ಮೆ ತೋರಿಸಲು ಆಗುವುದಿಲ್ಲ.

ಈ ಅಂಕಿಗಳು ನಮ್ಮವು. ನಿಮ್ಮ ಕಾಲೇಜು ಹದಿನೈದು ನಿಮಿಷ ಎನ್ನಬಹುದು. ಆದರೆ ಭಿನ್ನರಾಶಿ ಅರ್ಧ ಅಥವಾ ಕಾಲು ಆಗಿರಲಿ. ಹತ್ತನೆಯ ಒಂದು, ಐದನೆಯ ಒಂದು ಎಂದು ಹಚ್ಚಿದರೆ ಬಾಯಿಲೆಕ್ಕ ಕೈಕೊಡುತ್ತದೆ. ಕಂಪ್ಯೂಟರಿಗೂ ಅದು ಕಷ್ಟವೇ: ಅರ್ಧ, ಕಾಲುಗಳನ್ನು ಅದು ನಿಖರವಾಗಿ ಹಿಡಿದಿಟ್ಟುಕೊಳ್ಳುತ್ತದೆ, 0.1ರಂಥವನ್ನು ಹಿಡಿದಿಡಲಾರದು.

ಕೆಲವು ಕಡೆ "ಮೂರು ಸಲ ತಡವಾದರೆ ಒಂದು ಗೈರು" ಎಂಬ ಪದ್ಧತಿ ಇದೆ. ಥಿಯರಿ, ಲ್ಯಾಬ್ ಬೇರೆ ಎಣಿಸುವವರು ಇದನ್ನು ಬಿಟ್ಟುಬಿಡಿ. ಥಿಯರಿಗೆ ಒಮ್ಮೆ, ಲ್ಯಾಬಿಗೆ ಎರಡು ಸಲ ತಡವಾಗಿ ಬಂದವನ ಆ ಒಂದು ಗೈರನ್ನು ಯಾವುದರಲ್ಲಿ ಕಳೆಯುತ್ತೀರಿ? ಥಿಯರಿಯಲ್ಲಿ ಕಳೆದರೆ ಒಂದು ತಾಸು ಹೋಗುತ್ತದೆ, ಲ್ಯಾಬಿನಲ್ಲಿ ಕಳೆದರೆ ನಾಲ್ಕು. ಕಳೆಯುವವರ ಮನಸ್ಸಿನ ಮೇಲೆ ನಿಲ್ಲುವ ಲೆಕ್ಕ ಲೆಕ್ಕವೇ ಅಲ್ಲ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ತಡವನ್ನು ಎಣಿಸಬೇಕಾದದ್ದು ಪಾಠ ಶುರುವಾದ ಹೊತ್ತಿನಿಂದ. ನಾವೇ ಎಂಟು ನಿಮಿಷ ತಡವಾಗಿ ಹೋಗಿ, ನಮ್ಮ ಹಿಂದೆಯೇ ಬಂದ ಹುಡುಗಿಗೆ ಹನ್ನೆರಡು ನಿಮಿಷ ಬರೆದರೆ ಅದು ನ್ಯಾಯವಲ್ಲ.

2. ಪುಸ್ತಕದಲ್ಲಿ ಹಾಜರಿ ಬರೆಯಬೇಡಿ, ನಿಮಿಷ ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದನ್ನು ನೀವು ಒಪ್ಪಿಕೊಳ್ಳುವುದಿದ್ದರೆ ಇದನ್ನು ಒಪ್ಪಿಕೊಳ್ಳಿ. ತಡವಾಗಿ ಬಂದವನ ಮನೆಯಲ್ಲಿ "½" ಎಂದೋ "L" ಎಂದೋ ಬರೆಯುವ ಬದಲು ಎಷ್ಟು ನಿಮಿಷ ತಪ್ಪಿತು ಎಂಬುದನ್ನು ಬರೆಯಿರಿ. ಸಮಯಕ್ಕೆ ಬಂದವನಿಗೆ 0, ಇಪ್ಪತ್ತೈದು ನಿಮಿಷ ತಡವಾದವನಿಗೆ 25, ಬಾರದವನಿಗೆ A. ಬಸ್ಸಿಗೆ ಹೊತ್ತಾಯಿತೆಂದು ಇಪ್ಪತ್ತು ನಿಮಿಷ ಮೊದಲೇ ಹೊರಟವನಿಗೂ 20 ಬರೆಯಿರಿ. ತಪ್ಪಿದ ನಿಮಿಷ ಮೊದಲಿನದಾದರೂ ಕೊನೆಯದಾದರೂ ನಿಮಿಷವೇ.

ಕಾರಣ ಸರಳವಾಗಿದೆ. ನಿಮಿಷವೆಂಬುದು ನಡೆದ ಸಂಗತಿ, ಅರ್ಧ ತಾಸೆಂಬುದು ನಾವು ಕೊಟ್ಟ ತೀರ್ಪು. ಸೆಮಿಸ್ಟರ್ ನಡುವೆ ಪ್ರಾಂಶುಪಾಲರು ಹತ್ತು ನಿಮಿಷದ ರಿಯಾಯಿತಿಯನ್ನು ಹದಿನೈದಕ್ಕೆ ಏರಿಸಿದರೆ, ನಿಮಿಷ ಬರೆದಿಟ್ಟವರು ಸೂತ್ರದಲ್ಲಿ ಒಂದು ಅಂಕಿ ಬದಲಿಸುತ್ತಾರೆ. "½" ಬರೆದಿಟ್ಟವರಿಗೆ ಅದು ಹನ್ನೆರಡು ನಿಮಿಷದ ಅರ್ಧವೋ ಇಪ್ಪತ್ತೆಂಟು ನಿಮಿಷದ ಅರ್ಧವೋ ತಿಳಿಯುವ ದಾರಿಯೇ ಇರುವುದಿಲ್ಲ.

ಇಲ್ಲಿ ಜಾರುವ ಜಾಗ ಒಂದಿದೆ. ಈ ಪುಸ್ತಕದಲ್ಲಿ 0 ಎಂದರೆ ಸಮಯಕ್ಕೆ ಸರಿಯಾಗಿ ಬಂದವನು. ಹಳೆಯ ಅಭ್ಯಾಸದಲ್ಲಿ 0 ಎಂದರೆ ಗೈರು. ನಿಮ್ಮ ಬದಲಿಗೆ ಒಂದು ದಿನ ಕ್ಲಾಸ್ ತೆಗೆದುಕೊಂಡವರು ಬಾರದವರಿಗೆಲ್ಲ 0 ಬರೆದು ಹೋದರೆ ಅವರೆಲ್ಲ ಪೂರ್ಣ ಹಾಜರಿಯವರಾಗಿಬಿಡುತ್ತಾರೆ. ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ: "ಅಂಕಿ ಎಂದರೆ ತಪ್ಪಿದ ನಿಮಿಷ."

3. ಹಾಳೆಗಳನ್ನು ಬೇರೆ ಮಾಡಿ

ಪ್ರತಿ ವಿಷಯಕ್ಕೆ ಥಿಯರಿಯ ಒಂದು ಹಾಳೆ, ಪ್ರತಿ ಲ್ಯಾಬ್ ಬ್ಯಾಚಿಗೆ ಒಂದೊಂದು ಹಾಳೆ. ಹಾಳೆಯ ಎರಡನೆಯ ಸಾಲಿನಲ್ಲಿ ದಿನಾಂಕ, ಮೂರನೆಯ ಸಾಲಿನಲ್ಲಿ ಆ ದಿನ ನಡೆದ ತಾಸು, ಐದನೆಯ ಸಾಲಿನಿಂದ ವಿದ್ಯಾರ್ಥಿಗಳು. ನಡೆಯದ ಕ್ಲಾಸಿಗೆ ಕಾಲಮ್ಮೇ ಇರಬಾರದು. ಒಂದೇ ದಿನ ಸತತ ಎರಡು ತಾಸು ಥಿಯರಿ ನಡೆದರೆ ಎರಡು ಕಾಲಮ್ ಮಾಡಿ. ಮೊದಲ ತಾಸಿಗೆ ತಡವಾಗಿ ಬಂದವನು ಎರಡನೆಯದಕ್ಕೆ ಸರಿಯಾದ ಸಮಯಕ್ಕೇ ಅಲ್ಲಿ ಕುಳಿತಿದ್ದಾನಲ್ಲ.

ಲ್ಯಾಬ್ ಹಾಳೆಯನ್ನು ಬ್ಯಾಚುವಾರು ಏಕೆ ಒಡೆಯಬೇಕು? ಛೇದಕ್ಕಾಗಿ, ಅಂದರೆ ಭಾಗಾಕಾರದಲ್ಲಿ ಕೆಳಗೆ ಬರುವ ಸಂಖ್ಯೆಗಾಗಿ. ಥಿಯರಿ ಇಡೀ ತರಗತಿಗೆ ಒಟ್ಟಿಗೆ ನಡೆಯುತ್ತದೆ, ಹಾಗಾಗಿ ನಡೆದ ತಾಸು ಎಲ್ಲರಿಗೂ ಒಂದೇ. ಲ್ಯಾಬ್ ಹಾಗಲ್ಲ. ನಮ್ಮ ಊರಿನ ಹೋಳಿ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಬಣ್ಣದ ಬಂಡಿಗಳು ಹೊರಟವೆಂದರೆ ನವನಗರದಿಂದ ಹಳೇ ಊರಿನವರೆಗೆ ಯಾವ ಕ್ಲಾಸೂ ನಡೆಯುವುದಿಲ್ಲ. ಆ ದಿನ ಯಾವ ಬ್ಯಾಚಿನ ಲ್ಯಾಬ್ ಇತ್ತೋ ಅದಕ್ಕೆ ನಾಲ್ಕು ತಾಸು ಕಡಿಮೆಯಾಯಿತು, ಇನ್ನೊಂದು ಬ್ಯಾಚಿಗೆ ಏನೂ ಆಗಲಿಲ್ಲ. ಸೆಮಿಸ್ಟರ್ ಕೊನೆಗೆ 'ಎ' ಬ್ಯಾಚಿಗೆ 56 ತಾಸು, 'ಬಿ' ಬ್ಯಾಚಿಗೆ 52 ತಾಸು ಲ್ಯಾಬ್ ನಡೆದಿರುತ್ತದೆ. ಇಬ್ಬರನ್ನೂ 56ರಿಂದ ಭಾಗಿಸಿದರೆ 'ಬಿ' ಬ್ಯಾಚಿನ ಪ್ರತಿಯೊಬ್ಬರೂ ನಡೆಯದ ಲ್ಯಾಬಿಗೆ ಗೈರಾದಂತೆ.

ಪಠ್ಯಕ್ರಮದಲ್ಲಿ 45 ತಾಸು ಎಂದಿದೆ, ಆದ್ದರಿಂದ 45ರಿಂದಲೇ ಭಾಗಿಸಬೇಕೆಂದು ವಾದಿಸುವವರೂ ಇದ್ದಾರೆ. ಪಠ್ಯಕ್ರಮದ ತಾಸು ನಡೆಸಬೇಕಾದದ್ದು, ಹಾಜರಾತಿಯ ತಾಸು ನಡೆದದ್ದು. ಅವೆರಡರ ನಡುವಿನ ಅಂತರಕ್ಕೆ ಉತ್ತರ ಹೇಳಬೇಕಾದವರು ನಾವು, ಮಕ್ಕಳಲ್ಲ.

ಹಾಗೆಯೇ ಕ್ರೆಡಿಟ್‌ಗಳನ್ನು ಇದರೊಳಗೆ ತರಬೇಡಿ. ಬಿ.ಫಾರ್ಮ್‌ನಲ್ಲಿ ವಾರಕ್ಕೆ ನಾಲ್ಕು ತಾಸಿನ ಪ್ರಾಕ್ಟಿಕಲ್‌ಗೆ ಎರಡೇ ಕ್ರೆಡಿಟ್, ಅಂದರೆ ತಾಸಿನ ಅರ್ಧ. ಇದನ್ನು ಕಂಡವರು ಹಾಜರಿಯ ತಾಸನ್ನೂ ಅರ್ಧ ಮಾಡಿ ಬರೆದದ್ದನ್ನು ನೋಡಿದ್ದೇನೆ. ಕ್ರೆಡಿಟ್ ಎಂಬುದು ವಿಷಯದ ತೂಕ, ವಿದ್ಯಾರ್ಥಿ ಕುಳಿತ ಹೊತ್ತಲ್ಲ.

4. ನಿಮಿಷವನ್ನು ತಾಸಿಗೆ ತಿರುಗಿಸಿ

ಇದು ಪ್ರತ್ಯೇಕ ಹಾಳೆಯಲ್ಲಿ ಆಗಲಿ. ನಿಮಿಷ ಬರೆದ ಹಾಳೆಯ ಹೆಸರು `Theory` ಎಂದಿಟ್ಟುಕೊಳ್ಳಿ, ಹೊಸ ಹಾಳೆಯಲ್ಲಿ ಅದೇ ಮನೆಯಲ್ಲಿ ಈ ಸೂತ್ರ ಬರೆದು ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=IF(Theory!D5="","",IF(Theory!D5="A",0,IF(Theory!D5<=10,1,IF(Theory!D5<=30,0.5,0))))
```

ಲ್ಯಾಬಿಗೆ ಇದು:

```
=IF(Lab!D5="","",IF(Lab!D5="A",0,IF(Lab!D5<=10,Lab!D$3,IF(Lab!D5<=60,Lab!D$3-CEILING(Lab!D5,30)/60,0))))
```

ಎರಡನೆಯದನ್ನು ಕನ್ನಡದಲ್ಲಿ ಓದಿದರೆ: ಮನೆ ಖಾಲಿಯಿದ್ದರೆ ಖಾಲಿ ಬಿಡು, A ಇದ್ದರೆ ಸೊನ್ನೆ, ಹತ್ತು ನಿಮಿಷದೊಳಗಿದ್ದರೆ ಆ ದಿನ ನಡೆದ ಪೂರ್ತಿ ತಾಸು ಕೊಡು, ಅರವತ್ತರೊಳಗಿದ್ದರೆ ನಿಮಿಷವನ್ನು ಮೂವತ್ತರ ಮುಂದಿನ ಗುಣಕಕ್ಕೆ ಏರಿಸಿ, ತಾಸಾಗಿ ಮಾಡಿ, ಕಳೆ, ಅದಕ್ಕೂ ಹೆಚ್ಚಾದರೆ ಸೊನ್ನೆ. 25 ನಿಮಿಷ ಮೂವತ್ತಾಗುತ್ತದೆ, ಅರ್ಧ ತಾಸು ಹೋಗುತ್ತದೆ, 3.5 ಉಳಿಯುತ್ತದೆ. 40 ನಿಮಿಷ ಅರವತ್ತಾಗಿ, 3 ಉಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು: ಯಾರಾದರೂ ಅಭ್ಯಾಸಬಲದಿಂದ 0 ಬದಲು P ಎಂದು ತುಂಬಿದರೆ ಈ ಸೂತ್ರ ಬಾಯಿ ಮುಚ್ಚಿಕೊಂಡು ಸೊನ್ನೆ ಹಾಜರಿ ಕೊಡುತ್ತದೆ. ಎಕ್ಸೆಲ್ ಅಕ್ಷರವನ್ನು ಯಾವ ಅಂಕಿಗಿಂತಲೂ ದೊಡ್ಡದೆಂದು ಭಾವಿಸುತ್ತದೆ, ಹಾಗಾಗಿ P ಹತ್ತಕ್ಕಿಂತಲೂ ಮೂವತ್ತಕ್ಕಿಂತಲೂ ಹೆಚ್ಚು. ದೋಷವೆಂದು ಕೆಂಪಾಗಿ ತೋರಿಸುವುದೂ ಇಲ್ಲ. ಕನ್ನಡ ಅಂಕಿಯಲ್ಲಿ ೧೫ ಎಂದು ಟೈಪ್ ಮಾಡಿದರೂ ಇದೇ ಕಥೆ, ಎಕ್ಸೆಲ್‌ಗೆ ಅದು ಅಕ್ಷರ. ಪೂರ್ತಿ ತರಗತಿಯೇ ಒಂದು ದಿನ ಸೊನ್ನೆಯಾಗಿ ಕಂಡರೆ ಮೊದಲು ಇದನ್ನು ಅನುಮಾನಿಸಿ.

ಎರಡನೆಯದು: ಖಾಲಿ ಮನೆ. ಬಿಟ್ಟುಹೋದ ಮನೆ ಗೈರಿನಷ್ಟೇ ನಷ್ಟ ಮಾಡುತ್ತದೆ, ಏಕೆಂದರೆ ಮೇಲಿನ ಸಂಖ್ಯೆಗೆ ಏನೂ ಸೇರುವುದಿಲ್ಲ, ಕೆಳಗಿನ ಸಂಖ್ಯೆಯಲ್ಲಿ ಆ ತಾಸು ಇದ್ದೇ ಇರುತ್ತದೆ. ಪ್ರತಿ ಸಾಲಿನ ಕೊನೆಗೆ `=COUNTBLANK(D5:AS5)` ಹಾಕಿಡಿ. ಅದು ಸೊನ್ನೆಯಾಗದ ಹೊರತು ಶೇಕಡಾವಾರು ಮಾತೇ ಬೇಡ.

ವೈದ್ಯಕೀಯ ರಜೆ, ಕ್ರೀಡಾಕೂಟ, ಎನ್‌ಎಸ್‌ಎಸ್ ಶಿಬಿರ ಇವುಗಳಿಗೆ ಮನೆಯೊಳಗೆ ಹೊಸ ಅಕ್ಷರ ಕಂಡುಹಿಡಿಯಬೇಡಿ. ಬಾರದವನು ಬಂದಿಲ್ಲ, A ಬರೆಯಿರಿ. ಮೇಲಿನವರು ಒಪ್ಪಿ ತಾಸು ಮಂಜೂರು ಮಾಡಿದರೆ ಅದಕ್ಕೆಂದೇ ಬೇರೆ ಕಾಲಮ್ ಇರಲಿ, ಆದೇಶದ ದಿನಾಂಕದ ಸಮೇತ.

5. ಕೂಡಿಸಿ, ಹೋಲಿಸಿ: 27ನೇ ಸಂಖ್ಯೆಯ ಹುಡುಗ

ಈಗ ಒಬ್ಬ ವಿದ್ಯಾರ್ಥಿಯ ಲೆಕ್ಕವನ್ನು ಕೊನೆಯವರೆಗೆ ಹಿಡಿಯೋಣ. ಎರಡನೆಯ ಸೆಮಿಸ್ಟರ್, ವಿಷಯ ಹ್ಯೂಮನ್ ಅನಾಟಮಿ ಮತ್ತು ಫಿಸಿಯಾಲಜಿ. ರೋಲ್ ನಂಬರ್ 27, 'ಬಿ' ಬ್ಯಾಚ್, ಗುಳೇದಗುಡ್ಡದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವನು. ಲೆಕ್ಕಕ್ಕಾಗಿ ನಾನೇ ಕಟ್ಟಿಕೊಂಡ ಹುಡುಗ, ಆದರೆ ನಿಮ್ಮ ತರಗತಿಯಲ್ಲೂ ಇಂಥವನು ಇದ್ದೇ ಇರುತ್ತಾನೆ.

ಥಿಯರಿ ನಡೆದದ್ದು 42 ತಾಸು. ಅದರಲ್ಲಿ 31 ತಾಸಿಗೆ ಸಮಯಕ್ಕೆ, ಇಲ್ಲವೇ ರಿಯಾಯಿತಿಯೊಳಗೆ ಬಂದಿದ್ದಾನೆ. ಆರು ಸಲ ಹತ್ತರಿಂದ ಮೂವತ್ತು ನಿಮಿಷ ತಡ. ಉಳಿದ ಐದು ತಾಸು ಸೊನ್ನೆ. ಆ ಐದರಲ್ಲಿ ಮೂರು A, ಇನ್ನೆರಡು ಕಡೆ 35 ಮತ್ತು 40 ಎಂಬ ಅಂಕಿ ಇದೆ, ಅಂದರೆ ಬಂದಿದ್ದ, ತೀರ ತಡವಾಗಿ. ಒಟ್ಟು 31 ಮತ್ತು ಆರು ಅರ್ಧಗಳ 3 ಸೇರಿ 34 ತಾಸು. 34 ಭಾಗಿಸು 42, ಶೇ. 80.95.

ಲ್ಯಾಬ್ 'ಬಿ' ಬ್ಯಾಚಿಗೆ ಹದಿಮೂರು ದಿನ, 52 ತಾಸು. ಎರಡು ದಿನ ಬಂದಿಲ್ಲ, ಎಂಟು ತಾಸು ಹೋಯಿತು. ನಾಲ್ಕು ದಿನ 20, 25, 25, 30 ನಿಮಿಷ ತಡ, ಪ್ರತಿ ಸಲ ಅರ್ಧದಂತೆ ಎರಡು ತಾಸು ಹೋಯಿತು. ಉಳಿದದ್ದು 42 ತಾಸು. 42 ಭಾಗಿಸು 52, ಶೇ. 80.77. ಎರಡರಲ್ಲೂ ಕೂದಲೆಳೆಯಲ್ಲಿ ದಾಟಿದ್ದಾನೆ.

ಇದೇ ಹುಡುಗನನ್ನು "ಕ್ಲಾಸಿ"ನ ಲೆಕ್ಕಕ್ಕೆ ಹಾಕಿ ನೋಡಿ. ಹದಿಮೂರು ಲ್ಯಾಬಿನಲ್ಲಿ ಏಳಕ್ಕೆ ಪೂರ್ಣ ಹಾಜರಿ, ನಾಲ್ಕಕ್ಕೆ "ಅರ್ಧ", ಒಟ್ಟು ಒಂಬತ್ತು. 9 ಭಾಗಿಸು 13, ಶೇ. 69.23. ಹುಡುಗ ಅವನೇ, ತಪ್ಪಿಸಿದ ನಿಮಿಷಗಳೂ ಅವೇ, ಹಾಜರಾತಿ ಹನ್ನೊಂದು ಅಂಶಕ್ಕೂ ಹೆಚ್ಚು ಕುಸಿಯಿತು. ಅರ್ಧ ಎಂದು ಬರೆದಾಗ ಅದು ತಾಸಿನ ಅರ್ಧವೋ ನಾಲ್ಕು ತಾಸಿನ ಲ್ಯಾಬಿನ ಅರ್ಧವೋ ಎಂದು ಯಾರೂ ಕೇಳಲಿಲ್ಲ, ಅಷ್ಟೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇರೊಂದು ಕಾಲೇಜಿನಲ್ಲಿ ಹೀಗೆಯೇ ಲೆಕ್ಕ ಮಾಡಿ ಪಟ್ಟಿ ಹಚ್ಚಿದ್ದೆ. ಒಬ್ಬಳ ತಂದೆ ಬಂದು ಬೆರಳು ಮಡಚಿ ತಾಸು ಎಣಿಸಿ ತೋರಿಸಿದರು, ಪಟ್ಟಿಯನ್ನು ನಾನೇ ಕಿತ್ತೆ.

ಇನ್ನು ಬ್ಯಾಚಿನ ತಪ್ಪು. ಇವನ 42 ತಾಸನ್ನು 'ಎ' ಬ್ಯಾಚಿನ 56ರಿಂದ ಭಾಗಿಸಿದರೆ ಸರಿಯಾಗಿ ಶೇ. 75. ಇದೂ ಕೊರತೆಯೇ.

ಎರಡನ್ನೂ ಕೂಡಿಸಿದರೆ ಬೇರೆ ಥರದ ಮೋಸ. 41ನೇ ಸಂಖ್ಯೆಯವಳು ಲ್ಯಾಬನ್ನು ಬಿಡುವವಳಲ್ಲ, 52ರಲ್ಲಿ 50 ತಾಸು ಇದ್ದಾಳೆ. ಥಿಯರಿಯಲ್ಲಿ 42ಕ್ಕೆ 32. ಒಟ್ಟುಗೂಡಿಸಿದರೆ 94ಕ್ಕೆ 82, ಶೇ. 87.23, ಯಾರೂ ಎರಡನೆಯ ಸಲ ನೋಡುವುದಿಲ್ಲ. ಬೇರೆ ಮಾಡಿದರೆ ಥಿಯರಿ ಶೇ. 76.19, ಪರೀಕ್ಷೆಗೆ ಕೂರುವ ಅರ್ಹತೆ ಇಲ್ಲ. ತಾಸುಗಳ ಸಂಖ್ಯೆಯಲ್ಲಿ ಲ್ಯಾಬ್ ದೊಡ್ಡದು, ಹಾಗಾಗಿ ಥಿಯರಿಯ ಕೊರತೆಯನ್ನು ಅದು ಸುಲಭವಾಗಿ ನುಂಗುತ್ತದೆ. ನಿಯಮದಲ್ಲಿ "ಬೇರೆ ಬೇರೆಯಾಗಿ" ಎಂದಿರುವಾಗ ಒಟ್ಟು ಎಂಬ ಕಾಲಮ್ ಹಾಳೆಯಲ್ಲಿ ಇರಲೇಬಾರದು. ಇದ್ದರೆ ಯಾರೋ ಒಬ್ಬರು ಅದನ್ನೇ ನಕಲು ಮಾಡಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ.

6. ಶೇಕಡಾವನ್ನು ಪೂರ್ಣಾಂಕ ಮಾಡುವ ಚಟ ಬಿಡಿ

27ನೆಯವನು ಥಿಯರಿಗೆ ಇನ್ನೊಂದು ಸಲ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದರೆ ಅವನ ತಾಸು 33.5 ಆಗುತ್ತಿತ್ತು, ಶೇ. 79.76. ಎಕ್ಸೆಲ್‌ನಲ್ಲಿ ದಶಮಾಂಶ ತೋರಿಸದಂತೆ ಇಟ್ಟಿದ್ದರೆ ಪರದೆಯ ಮೇಲೆ ಕಾಣುವುದು 80. ಕಣ್ಣಿಗೆ ಅರ್ಹ, ಲೆಕ್ಕಕ್ಕೆ ಅನರ್ಹ. ಭಿನ್ನರಾಶಿಯಲ್ಲಿ ತಡ ಎಣಿಸುವವರಿಗೆ ಇಂಥ ಗಡಿ ಪ್ರಕರಣ ಪ್ರತಿ ಸೆಮಿಸ್ಟರ್ ಬರುತ್ತದೆ. ಆದ್ದರಿಂದ ಶೇಕಡಾವನ್ನು ಹೋಲಿಸಬೇಡಿ, ತಾಸನ್ನೇ ಹೋಲಿಸಿ. 42 ತಾಸಿಗೆ ಬೇಕಾದದ್ದು 33.6. ಅವನಲ್ಲಿ ಇರುವುದು 33.5. ಇಲ್ಲಿ ಪೂರ್ಣಾಂಕಕ್ಕೆ ಜಾಗವೇ ಇಲ್ಲ. AT ಕಾಲಮ್ಮಿನಲ್ಲಿ ಒಟ್ಟು ತಾಸು, ಅದರ ಮೂರನೆಯ ಸಾಲಿನಲ್ಲಿ ನಡೆದ ಒಟ್ಟು ತಾಸು ಇದ್ದರೆ:

```
=IF(AT5*100>=AT$3*80,"OK","SHORT")
```

ಭಾಗಾಕಾರವೇ ಇಲ್ಲದ್ದರಿಂದ ದಶಮಾಂಶದ ರಗಳೆಯೂ ಇಲ್ಲ. ಕೊರತೆ ಇದ್ದವನಿಗೆ ರಿಯಾಯಿತಿ ಸಿಗಬಹುದೇ ಎಂಬುದು ಬೇರೆ ಪ್ರಶ್ನೆ, ಅದನ್ನು ತೀರ್ಮಾನಿಸುವವರು ಬೇರೆ. ಹಾಳೆ ಇದ್ದದ್ದನ್ನು ಹೇಳಲಿ.

ಬಿ.ಫಾರ್ಮ್‌ನವರಿಗೆ ಇದರ ಬೆನ್ನಿಗೇ ಇನ್ನೊಂದು ತಲೆನೋವು ಇದೆ. ಆಂತರಿಕ ಅಂಕಗಳಲ್ಲಿ ಹಾಜರಾತಿಗೂ ಅಂಕ ಉಂಟು: 95ರಿಂದ 100ಕ್ಕೆ ಥಿಯರಿಯಲ್ಲಿ 4, ಪ್ರಾಕ್ಟಿಕಲ್‌ನಲ್ಲಿ 2, 90ರಿಂದ 94ಕ್ಕೆ 3 ಮತ್ತು 1.5, 85ರಿಂದ 89ಕ್ಕೆ 2 ಮತ್ತು 1, 80ರಿಂದ 84ಕ್ಕೆ 1 ಮತ್ತು 0.5. ಪಟ್ಟಿ ಪೂರ್ಣಾಂಕದಲ್ಲಿದೆ, ನಮ್ಮ ಲೆಕ್ಕ ಭಿನ್ನರಾಶಿಯಲ್ಲಿ. 42ಕ್ಕೆ 39.5 ತಾಸು ಇದ್ದವಳದು ಶೇ. 94.05; ಅವಳು 94 ಮತ್ತು 95ರ ನಡುವಿನ ಬಿರುಕಿನಲ್ಲಿ ನಿಂತಿದ್ದಾಳೆ. ನಾವು ಹಿಡಿದಿರುವುದು ಇದು: ಮೇಲಿನ ಹಂತದ ಮೊದಲ ಅಂಕಿ ಮುಟ್ಟುವವರೆಗೂ ಕೆಳಗಿನ ಹಂತವೇ. 94.05 ಆದರೂ 94.9 ಆದರೂ 3 ಅಂಕ. ಇದನ್ನೂ ಮೊದಲ ದಿನದ ಆ ಒಂದು ಪುಟದಲ್ಲೇ ಸೇರಿಸಿಬಿಡಿ, ಸಹಿ ಆಗುವ ಮೊದಲು.

7. ತಿಂಗಳಿಗೊಮ್ಮೆ ಫಲಕಕ್ಕೆ ಹಚ್ಚಿ

ಹಚ್ಚುವಾಗ ಶೇಕಡಾ ಮಾತ್ರ ಹಚ್ಚಬೇಡಿ. ಪ್ರತಿಯೊಬ್ಬರ ಮುಂದೆ ನಡೆದ ತಾಸು, ಸಿಕ್ಕ ತಾಸು, ತಡದಿಂದ ಹೋದ ತಾಸು ಈ ಮೂರು ಇರಲಿ, ಥಿಯರಿಗೊಂದು ಪಟ್ಟಿ, ಬ್ಯಾಚಿಗೊಂದು ಪಟ್ಟಿ. ಮೂರನೆಯ ಕಾಲಮ್ಮಿನಲ್ಲಿ 27ನೆಯವನು ತನ್ನ ಹೆಸರಿನ ಮುಂದೆ ಲ್ಯಾಬಿನಲ್ಲಿ ಎರಡು ತಾಸು ನೋಡುತ್ತಾನೆ, ಥಿಯರಿಯಲ್ಲಿ ಐದು: ಆರು ಅರ್ಧಗಳ ಮೂರು, 35 ಮತ್ತು 40 ನಿಮಿಷದ ಎರಡು. ಒಂದು ಬಸ್ ಮೊದಲು ಹಿಡಿಯಬೇಕೋ ಬೇಡವೋ ಎಂದು ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ತಕರಾರಿಗೆ ಮೂರು ದಿನ ಕೊಡಿ. ತಿದ್ದುವುದಿದ್ದರೆ ನಿಮಿಷದ ಪುಸ್ತಕದಲ್ಲೇ ತಿದ್ದಿ: ಹಳೆಯ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸದು, ಅದರ ಕೆಳಗೆ ನಿಮ್ಮ ಚಿಕ್ಕ ಸಹಿ ಮತ್ತು ದಿನಾಂಕ. ತಾಸಿನ ಹಾಳೆಯ ಸೂತ್ರದ ಮೇಲೆ ಕೈಯಾರೆ ಅಂಕಿ ಟೈಪ್ ಮಾಡಿದರೆ ಆ ಮನೆ ಮುಂದೆಂದೂ ಪುಸ್ತಕವನ್ನು ಅನುಸರಿಸುವುದಿಲ್ಲ, ಮತ್ತು ಅದು ಯಾವ ಮನೆ ಎಂದು ಮಾರ್ಚ್‌ನಲ್ಲಿ ನಿಮಗೆ ನೆನಪಿರುವುದಿಲ್ಲ. ತಾಸಿನ ಹಾಳೆಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದುಬಿಡಿ. ಮೂರು ದಿನ ಕಳೆದ ಮೇಲೆ ಎಲ್ಲ ವಿದ್ಯಾರ್ಥಿಗಳ ಸಹಿ ಪಡೆದ ಆ ತಿಂಗಳ ಪ್ರತಿಯನ್ನು ಫೈಲಿಗೆ ಸೇರಿಸಿ, ಮುಂದಿನ ತಿಂಗಳ ಕಾಲಮ್ ತೆರೆಯಿರಿ.